ಮೀನು, ಕೋಳಿ, ಕುರಿಮಾಂಸ: ಪಾತ್ರೆಗೆ ಬೀಳುವ ತೂಕದ ಲೆಕ್ಕ



ಮನೆಯ ಖರ್ಚಿನ ಪುಸ್ತಕದಲ್ಲಿ ಅಕ್ಕಿ, ಬೇಳೆ, ಸಕ್ಕರೆಯ ಲೆಕ್ಕ ಸುಲಭ. ಒಂದು ಕಿಲೋ ಬೇಳೆ ತಂದರೆ ಕಲ್ಲು ಆರಿಸಿದ ಮೇಲೂ ಹೆಚ್ಚುಕಡಿಮೆ ಒಂದು ಕಿಲೋ ಬೇಳೆಯೇ ಪಾತ್ರೆಗೆ ಬೀಳುತ್ತದೆ. ಮೀನು ಮತ್ತು ಮಾಂಸದ ಲೆಕ್ಕ ಹಾಗಲ್ಲ. ಅಂಗಡಿಯವರು ಹೇಳುವ ದರ ಒಂದು ತೂಕಕ್ಕೆ, ನಾವು ಉಣ್ಣುವುದು ಬೇರೆ ತೂಕ. ನಡುವೆ ಹುರುಪೆ, ಕರುಳು, ಪುಕ್ಕ, ತೊಗಲು, ಎಲುಬು ಎಂದು ಎಷ್ಟೋ ಕಳೆದುಹೋಗುತ್ತದೆ. ಆ ಕಳೆದುಹೋದ ಭಾಗಕ್ಕೂ ನಾವು ಹಣ ಕೊಟ್ಟಿರುತ್ತೇವೆ. ವಾರಕ್ಕೊಮ್ಮೆ ಮಾತ್ರ ಮಾಂಸದಡುಗೆ ಮಾಡುವ ಮನೆಗೆ ಐವತ್ತು ರೂಪಾಯಿಯ ವ್ಯತ್ಯಾಸವೂ ದೊಡ್ಡದೇ. ಈ ವಾರ ಆ ಲೆಕ್ಕವನ್ನು ಒಟ್ಟಿಗೆ ಕಲಿಯೋಣ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಬೇಕಾದ ಉದಾಹರಣೆಗಳೆಲ್ಲ ಸಿಗುತ್ತವೆ. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟಿದೆ. ಹಿನ್ನೀರಿನ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೊಪ್ಪಳ ಮತ್ತು ಗಂಗಾವತಿಯ ಅಂಗಡಿಗಳಿಗೆ ಬರುತ್ತವೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ ಕುರಿ ಸಾಕಣೆ ಹೆಚ್ಚು. ಅಲ್ಲಿ ಮನೆಯ ಔತಣಕ್ಕೆ ಇಡೀ ಕುರಿಯನ್ನೇ ಕೊಳ್ಳುವ ವಾಡಿಕೆಯುಂಟು. ಕೋಳಿ ಅಂಗಡಿಯಂತೂ ಈಗ ಎಲ್ಲ ಊರುಗಳಲ್ಲಿದೆ.

ಒಂದೇ ಸೂತ್ರ

ನೆನಪಿಡಬೇಕಾದ ಸೂತ್ರ ಒಂದೇ. ಕೊಟ್ಟ ಒಟ್ಟು ಹಣವನ್ನು ಪಾತ್ರೆಗೆ ಬಿದ್ದ ತೂಕದಿಂದ ಭಾಗಿಸಬೇಕು. ಬಂದ ಉತ್ತರವೇ ನಿಜವಾದ ಕಿಲೋ ದರ.

ಪಾತ್ರೆಗೆ ಬೀಳುವ ತೂಕ ಎಂದರೆ ಸ್ವಚ್ಛ ಮಾಡಿ, ತೊಳೆದು, ನೀರು ಬಸಿದ ಮೇಲೆ ಅಡುಗೆಗೆ ಹಾಕುವ ತುಂಡುಗಳ ತೂಕ. ಇದರಲ್ಲಿ ಎಲುಬು ಸೇರಿರುತ್ತದೆ. ಉಣ್ಣುವ ತೂಕ ಬೇಕಾದರೆ ಎಲುಬನ್ನೂ ಕಳೆಯಬೇಕು. ಎರಡು ಅಂಗಡಿಗಳ ದರ ಹೋಲಿಸುವಾಗ ಎರಡೂ ಕಡೆ ಒಂದೇ ಬಗೆಯ ತೂಕ ಹಿಡಿಯಬೇಕು. ಒಂದು ಕಡೆ ಎಲುಬು ಸೇರಿಸಿ, ಇನ್ನೊಂದು ಕಡೆ ಎಲುಬು ಬಿಟ್ಟು ಲೆಕ್ಕ ಮಾಡಿದರೆ ಹೋಲಿಕೆ ಕೆಡುತ್ತದೆ.

ಕೆಳಗೆ ಹಿಡಿದಿರುವ ದರಗಳು ಲೆಕ್ಕ ತೋರಿಸಲು ಮಾತ್ರ. ದರ ದಿನದಿನಕ್ಕೆ ಬದಲಾಗುತ್ತದೆ, ನಿಮ್ಮ ಊರಿನ ಅಂದಿನ ದರವನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ಕಾಟ್ಲಾ ಮೀನಿನ ಲೆಕ್ಕ

ಎರಡು ಕಿಲೋ ತೂಗುವ ಒಂದು ಇಡೀ ಕಾಟ್ಲಾ ಮೀನನ್ನು ಕಿಲೋಗೆ 160 ರೂಪಾಯಿಯಂತೆ ಕೊಂಡಿರಿ ಎಂದು ಹಿಡಿಯೋಣ. ಕೊಟ್ಟ ಹಣ 320 ರೂಪಾಯಿ. ಅಂಗಡಿಯಲ್ಲಿ ಮೊದಲು ತೂಗುತ್ತಾರೆ, ಆಮೇಲೆ ಸ್ವಚ್ಛ ಮಾಡುತ್ತಾರೆ. ಹುರುಪೆ, ರೆಕ್ಕೆ, ಕಿವಿರು, ಕರುಳು ಇಷ್ಟು ತೆಗೆದರೆ ಸುಮಾರು 300 ಗ್ರಾಂ ಹೋಗುತ್ತದೆ. ಕಾಟ್ಲಾದ ತಲೆ ಬಲು ದೊಡ್ಡದು, ಮೀನಿನ ತೂಕದ ಕಾಲು ಭಾಗದಷ್ಟು ಅದೇ ಇರುತ್ತದೆ. ಅಂದರೆ ಇನ್ನೂ 500 ಗ್ರಾಂ. ಉಳಿಯುವ ತುಂಡುಗಳು 1 ಕಿಲೋ 200 ಗ್ರಾಂ. 320ನ್ನು 1.2ರಿಂದ ಭಾಗಿಸಿದರೆ 267 ರೂಪಾಯಿ ಬರುತ್ತದೆ. ಅಂಗಡಿಯಲ್ಲಿ ಕೇಳಿದ್ದು 160, ತುಂಡಿನ ನಿಜವಾದ ದರ 267.

ಈಗ ಅದೇ ಅಂಗಡಿಯಲ್ಲಿ ತಲೆ ಬಿಟ್ಟು ಸ್ವಚ್ಛ ಮಾಡಿದ ತುಂಡುಗಳನ್ನು 250 ರೂಪಾಯಿಗೆ ಮಾರುತ್ತಿದ್ದರೆ, ಕೇಳಲು ಅದು ದುಬಾರಿ. ಆದರೆ ನಮ್ಮ ಲೆಕ್ಕದಲ್ಲಿ ಅದೇ ಅಗ್ಗ. 280 ಹೇಳಿದರೆ ಇಡೀ ಮೀನೇ ಲಾಭ. ಗೆರೆ 267ರಲ್ಲಿದೆ. ಈ ಗೆರೆಯನ್ನು ಬಾಯಿಲೆಕ್ಕದಲ್ಲೇ ಕಾಣಬಹುದು. ಕಾಟ್ಲಾಗೆ ನೂರರಲ್ಲಿ ಅರವತ್ತು ಪಾಲು ತುಂಡು ಸಿಗುತ್ತದೆ ಎಂದು ಹಿಡಿದು, ಇಡೀ ಮೀನಿನ ದರಕ್ಕೆ ಅದರ ಮೂರನೆಯ ಎರಡು ಭಾಗವನ್ನು ಕೂಡಿಸಿ. 160ಕ್ಕೆ 107 ಕೂಡಿಸಿದರೆ 267.

ಆದರೆ ತಲೆಯನ್ನು ನೀವು ಏನು ಮಾಡುತ್ತೀರಿ ಎಂಬುದು ಈ ಲೆಕ್ಕವನ್ನೇ ಬದಲಿಸುತ್ತದೆ. ಕಾಟ್ಲಾ ತಲೆಯ ಸಾರು ಬಯಸುವ ಮನೆಗಳು ಬಹಳ. ಅಂಥ ಮನೆಯವರು ತಲೆಗೂ ಒಂದು ಬೆಲೆ ಕಟ್ಟಬೇಕು. ತಲೆಯನ್ನೇ ಬೇರೆಯಾಗಿ ಕಿಲೋಗೆ 60 ರೂಪಾಯಿಗೆ ಮಾರುತ್ತಾರೆ ಎಂದು ಹಿಡಿದರೆ ಅರ್ಧ ಕಿಲೋ ತಲೆಯ ಬೆಲೆ 30. ಅದನ್ನು 320ರಲ್ಲಿ ಕಳೆದರೆ ತುಂಡುಗಳಿಗೆ ಬಿದ್ದದ್ದು 290, ಕಿಲೋಗೆ 242. ತಲೆ ಉಣ್ಣುವ ಮನೆಗೆ 250ರ ತುಂಡಿಗಿಂತ ಇಡೀ ಮೀನು ಅಗ್ಗ. ತಲೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವ ಮನೆಗೆ ತುಂಡೇ ಅಗ್ಗ. ಅಕ್ಕಪಕ್ಕದ ಎರಡು ಮನೆಯವರು ಒಂದೇ ಅಂಗಡಿಯಲ್ಲಿ ಬೇರೆ ಬೇರೆ ರೀತಿ ಕೊಂಡರೂ ಇಬ್ಬರೂ ಸರಿಯಾಗಿಯೇ ಕೊಂಡಿರಬಹುದು.

ಇನ್ನು ಮೀನಿನ ಜಾತಿ. ರೋಹುವಿನ ತಲೆ ಕಾಟ್ಲಾದ ತಲೆಗಿಂತ ಚಿಕ್ಕದು. ಆದ್ದರಿಂದ ಎರಡಕ್ಕೂ ಒಂದೇ ದರ ಹೇಳಿದರೆ, ತಲೆ ಬೇಡದವರಿಗೆ ರೋಹುವಿನಲ್ಲಿ ಹೆಚ್ಚು ತುಂಡು ಸಿಗುತ್ತದೆ. ಮೀನಿನ ಹೊಟ್ಟೆಯನ್ನೂ ಗಮನಿಸಬೇಕು. ಈ ಮೀನುಗಳು ಮಳೆಗಾಲದಲ್ಲಿ ಮೊಟ್ಟೆ ಇಡುವಂಥವು. ಆ ಹೊತ್ತಿಗೆ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯ ಗಂಟುಗಳು ತುಂಬಿರುತ್ತವೆ. ಮೊಟ್ಟೆ ಹುರಿದು ತಿನ್ನುವವರಿಗೆ ಅದು ನಷ್ಟವಲ್ಲ, ಕೇಳಿ ಪಡೆಯಬೇಕು. ತಿನ್ನದವರು ಉಬ್ಬಿದ ಹೊಟ್ಟೆಯ ಮೀನನ್ನು ಬಿಟ್ಟು ಹೊಟ್ಟೆ ಸಪಾಟಾಗಿರುವುದನ್ನು ಆರಿಸುವುದು ಲೇಸು.

ಎಲುಬಿನ ವಿಷಯದಲ್ಲಿ ಒಂದು ಮಾತು. ಮೇಲಿನ 1 ಕಿಲೋ 200 ಗ್ರಾಂ ತುಂಡಿನಲ್ಲಿ ನಡುಬೆನ್ನಿನ ಎಲುಬು ಮತ್ತು ಮುಳ್ಳು ಸೇರಿ ಸುಮಾರು 180 ಗ್ರಾಂ ಇರುತ್ತದೆ. ತಿನ್ನುವ ಮಾಂಸ ಒಂದು ಕಿಲೋ ಚಿಲ್ಲರೆ. ಅಂದರೆ ಇಡೀ ಮೀನಿನ ಅರ್ಧ. ಈ ಜಾತಿಯ ಮೀನುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ, ಬಾಲದ ಕಡೆ ಹೆಚ್ಚು. ಅರ್ಧ ಕಿಲೋದ ಮರಿ ಮೀನಿನಲ್ಲಿ ಮುಳ್ಳು ಬಿಡಿಸುವುದು ಕಷ್ಟ, ಮಕ್ಕಳು ತಟ್ಟೆಯಲ್ಲೇ ಬಿಡುತ್ತಾರೆ. ಚಿಕ್ಕ ಮೀನು ದರದಲ್ಲಿ ಹತ್ತಿಪ್ಪತ್ತು ರೂಪಾಯಿ ಕಡಿಮೆಯಿದ್ದರೂ ಮಕ್ಕಳಿರುವ ಮನೆಗೆ ಲಾಭವಾಗದಿರುವುದು ಇದರಿಂದಲೇ.

ಕೋಳಿ: ಜೀವದ ತೂಕ, ತೊಗಲಿನ ತೂಕ

ಕೋಳಿ ಅಂಗಡಿಯ ಹಲಗೆಯಲ್ಲಿ ಸಾಮಾನ್ಯವಾಗಿ ಮೂರು ದರ ಕಾಣುತ್ತದೆ: ಜೀವಂತ ಕೋಳಿಗೆ ಒಂದು, ತೊಗಲು ಸಹಿತ ಮಾಂಸಕ್ಕೆ ಒಂದು, ತೊಗಲು ತೆಗೆದ ಮಾಂಸಕ್ಕೆ ಒಂದು. ಈ ಮೂರೂ ಒಂದೇ ಕೋಳಿಯಿಂದ ಬಂದವು. ಆದ್ದರಿಂದ ಒಂದು ದರದಿಂದ ಉಳಿದೆರಡನ್ನು ನಾವೇ ಪರೀಕ್ಷಿಸಬಹುದು.

ಎರಡು ಕಿಲೋ ತೂಗುವ ಫಾರಂ ಕೋಳಿಯನ್ನು ಕೊಯ್ದು, ಪುಕ್ಕ, ತಲೆ, ಕಾಲು, ಕರುಳು ತೆಗೆದರೆ ತೊಗಲು ಸಹಿತ ಸುಮಾರು 1 ಕಿಲೋ 440 ಗ್ರಾಂ ಉಳಿಯುತ್ತದೆ. ತೊಗಲನ್ನೂ ತೆಗೆದರೆ ಸುಮಾರು 1 ಕಿಲೋ 300 ಗ್ರಾಂ. ಜೀವಂತ ಕೋಳಿಯ ದರ ಕಿಲೋಗೆ 120 ಎಂದು ಹಿಡಿದರೆ ಕೋಳಿಗೆ 240 ರೂಪಾಯಿ. ತೊಗಲು ಸಹಿತ ಮಾಂಸದ ದರ 240 ಭಾಗಿಸು 1.44, ಅಂದರೆ 167. ತೊಗಲು ತೆಗೆದದ್ದು 240 ಭಾಗಿಸು 1.3, ಅಂದರೆ 185.

ಹಲಗೆಯಲ್ಲಿ ತೊಗಲು ತೆಗೆದ ಮಾಂಸಕ್ಕೆ 200 ಎಂದಿದ್ದರೆ ಕಿಲೋಗೆ 15 ರೂಪಾಯಿ ಅಂಗಡಿಯವರ ಕೂಲಿ ಮತ್ತು ಲಾಭಕ್ಕೆ ಹೋಯಿತು. ಅದು ನ್ಯಾಯವಾದ ಕೂಲಿ. 230 ಎಂದಿದ್ದರೆ ಜೀವಂತ ತೂಗಿಸಿ ಕೊಯ್ಯಿಸುವುದೇ ಮೇಲು. ಕೆಲವೆಡೆ ಜೀವಂತ ತೂಗಿಸಿದಾಗ ಸ್ವಚ್ಛ ಮಾಡಿದ್ದಕ್ಕೆ ಬೇರೆ ಹಣ ಕೇಳುತ್ತಾರೆ. ಅದನ್ನು 240ಕ್ಕೆ ಕೂಡಿಸಿಯೇ ಭಾಗಿಸಬೇಕು.

ಜೀವಂತ ತೂಗಿಸುವಾಗ ಒಂದು ಎಚ್ಚರ ಬೇಕು. ಆಗತಾನೆ ಮೇವು, ನೀರು ತಿಂದ ಕೋಳಿಯ ಹೊಟ್ಟೆಯಲ್ಲಿ ಆ ತೂಕವೂ ಸೇರಿರುತ್ತದೆ. ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿದರೆ ಗೊತ್ತಾಗುತ್ತದೆ, ತುಂಬಿದ್ದರೆ ಗಟ್ಟಿ ಉಂಡೆಯಂತೆ ಸಿಗುತ್ತದೆ. ಕೊಯ್ದ ಮೇಲೆ ಯಕೃತ್ತು, ಗುಂಡಿಗೆ, ಕತ್ತು ನಿಮ್ಮ ಚೀಲಕ್ಕೆ ಬಂದವೇ ಎಂದು ನೋಡಿಕೊಳ್ಳಿ. ಜೀವಂತ ತೂಗಿಸಿ ಕೊಂಡಿದ್ದರೆ ಅವೆಲ್ಲ ನೀವು ಹಣ ಕೊಟ್ಟವೇ.

ಎಲುಬಿಲ್ಲದ ಕೋಳಿ ಮಾಂಸದ ದರ ಕೇಳಿ ಹೌಹಾರುವವರಿದ್ದಾರೆ. ಅದಕ್ಕೂ ಅದೇ ಸೂತ್ರ. ತೊಗಲು ತೆಗೆದ 1 ಕಿಲೋ 300 ಗ್ರಾಂನಲ್ಲಿ ಎಲುಬು ಸುಮಾರು ನೂರರಲ್ಲಿ ಮೂವತ್ತು ಪಾಲು. ಮಾಂಸ 910 ಗ್ರಾಂ, ಕಿಲೋಗೆ 264 ರೂಪಾಯಿ. ಎಲುಬಿಲ್ಲದ ಮಾಂಸ 270ಕ್ಕೆ ಸಿಕ್ಕರೆ ಅದು ದುಬಾರಿಯಲ್ಲ, 350 ಎಂದರೆ ದುಬಾರಿ. ಸಾರಿಗೆ ಎಲುಬು ಬೇಕೆನ್ನುವ ಮನೆಗೆ ಮಾತ್ರ ಈ ಹೋಲಿಕೆ ಅನ್ವಯಿಸದು, ಏಕೆಂದರೆ ಅವರಿಗೆ ಎಲುಬು ನಷ್ಟವಲ್ಲ.

ಕುರಿಮಾಂಸ: ಯಾವ ಭಾಗ ಎಂಬುದೇ ದರ

ಕುರಿಮಾಂಸದ ಅಂಗಡಿಯಲ್ಲಿ ತೊಡೆಗೂ, ಪಕ್ಕೆಲುಬಿಗೂ, ಕತ್ತಿಗೂ ಹೆಚ್ಚಾಗಿ ಒಂದೇ ದರ. ಆದರೆ ಎಲುಬಿನ ಪಾಲು ಒಂದೇ ಅಲ್ಲ. ತೊಡೆಯ ತುಂಡಿನಲ್ಲಿ ಎಲುಬು ಸುಮಾರು ಐದರಲ್ಲಿ ಒಂದು ಪಾಲು. ಪಕ್ಕೆಲುಬು ಮತ್ತು ಕತ್ತಿನ ಕಡೆ ಮೂರರಲ್ಲಿ ಒಂದು ಪಾಲಿಗೂ ಮೀರಬಹುದು. ಕಿಲೋಗೆ 700 ರೂಪಾಯಿ ಕೊಟ್ಟರೆ ತೊಡೆಯಲ್ಲಿ 800 ಗ್ರಾಂ ಮಾಂಸ, ಅಂದರೆ ಕಿಲೋಗೆ 875. ಪಕ್ಕೆಲುಬಿನ ಕಡೆ 650 ಗ್ರಾಂ, ಅಂದರೆ ಕಿಲೋಗೆ 1,077. ಒಂದೇ ಹಣಕ್ಕೆ ಇನ್ನೂರು ರೂಪಾಯಿಯ ಅಂತರ.

ಆದ್ದರಿಂದ "ಒಂದು ಕಿಲೋ ಕೊಡಿ" ಎಂದಷ್ಟೇ ಹೇಳಬೇಡಿ. "ತೊಡೆಯದ್ದು ಅರ್ಧ, ಪಕ್ಕೆಲುಬು ಕಾಲು ಕಿಲೋ" ಎಂದು ಭಾಗ ಹೆಸರಿಸಿ ಕೇಳಿ. ಕತ್ತರಿಸುವ ಮುನ್ನ, ತೂಗುವ ಮುನ್ನ ಹೇಳಬೇಕು. ತುಂಡಾದ ಮೇಲೆ ಯಾವುದು ಯಾವುದೆಂದು ಗುರುತಿಸುವುದು ಕಷ್ಟ. ಬಿಡಿ ಕೊಬ್ಬು, ಪೊರೆಯನ್ನು ತೂಕಕ್ಕೆ ಮೊದಲೇ ತೆಗೆಸಿ.

ಇಡೀ ಕುರಿ ಕೊಳ್ಳುವಾಗ

ಈಗ ನಾಮಕರಣವೋ, ಗೃಹಪ್ರವೇಶವೋ ಇದ್ದು ಕುಷ್ಟಗಿ ಕಡೆಯ ಒಂದು ಮನೆಯವರು 75 ಜನರಿಗೆ ಊಟ ಹಾಕುತ್ತಾರೆ ಎಂದುಕೊಳ್ಳಿ. ತಲೆಗೆ 150 ಗ್ರಾಂ ಎಲುಬು ಸಹಿತ ಹಸಿ ಮಾಂಸ ಹಿಡಿದರೆ 11 ಕಿಲೋ ಚಿಲ್ಲರೆ ಬೇಕು. ಅಂಗಡಿಯ ಮಾಂಸ ತರಬೇಕೇ, ಕುರಿಯನ್ನೇ ಕೊಳ್ಳಬೇಕೇ?

ಸಂತೆಯಲ್ಲಿ ಕುರಿಯನ್ನು ಹೆಚ್ಚಾಗಿ ಕಣ್ಣಂದಾಜಿನಲ್ಲಿ ಮಾರುತ್ತಾರೆ, ತೂಗುವುದಿಲ್ಲ. ತೂಕ ತಿಳಿಯಲು ದರ್ಜಿಯ ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಭುಜದ ಮುಂತುದಿಯಿಂದ ಹಿಂಭಾಗದ ಎಲುಬಿನ ತುದಿಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 10,800ರಿಂದ ಭಾಗಿಸಿ. ಸುತ್ತಳತೆ 68, ಉದ್ದ 56 ಇದ್ದರೆ ಸುಮಾರು 24 ಕಿಲೋ ಬರುತ್ತದೆ. ಉಣ್ಣೆ ದಪ್ಪವಿದ್ದರೆ ಟೇಪನ್ನು ಒತ್ತಿ ಹಿಡಿಯಬೇಕು. ಆದರೂ ಒಂದೆರಡು ಕಿಲೋ ಆಚೀಚೆ ಆಗಬಹುದು. ಹತ್ತಿರದಲ್ಲಿ ಕಾಳಿನ ಚೀಲ ತೂಗುವ ಕಾಟಾ ಇದ್ದರೆ ಅದರಲ್ಲೇ ತೂಗಿಸುವುದು ಉತ್ತಮ.

ಆ 24 ಕಿಲೋದಲ್ಲಿ ಮಾಂಸವೆಷ್ಟು? ಚೆನ್ನಾಗಿ ಮೈದುಂಬಿದ ಕುರಿಯಾದರೆ ನೂರರಲ್ಲಿ 48 ಪಾಲಿನಷ್ಟು, ಅಂದರೆ 11 ಕಿಲೋ 500 ಗ್ರಾಂ. ಬಡಕಲಾದರೆ 42 ಪಾಲು, 10 ಕಿಲೋ ಮಾತ್ರ. ಇದನ್ನು ಕೈಯಿಂದ ತಿಳಿಯಬೇಕು. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನಿನ ಮೇಲೆ ಬೆರಳಿಟ್ಟು ಒತ್ತಿ. ಬೆನ್ನೆಲುಬಿನ ಗೆಣ್ಣುಗಳು ಚೂಪಾಗಿ ಸಿಕ್ಕರೆ ಮಾಂಸ ಕಡಿಮೆ. ಮಾಂಸದ ಪದರದ ಕೆಳಗೆ ಒತ್ತಿದಾಗ ಮಾತ್ರ ಸಿಕ್ಕರೆ ಒಳ್ಳೆಯದು. ಹೊಟ್ಟೆಯ ದಪ್ಪ ನೋಡಿ ಮೋಸ ಹೋಗಬಾರದು. ಮೇಯ್ದು ನೀರು ಕುಡಿದ ಕುರಿಯ ಹೊಟ್ಟೆಯಲ್ಲಿ ಹಲವು ಕಿಲೋ ಮೇವು ನೀರೇ ಇರುತ್ತದೆ. ಬೆಳಿಗ್ಗೆ ಮೇಯುವ ಮೊದಲು ತೂಗಿದ ಕುರಿಯ ತೂಕವೇ ನಂಬಿಕೆಗೆ ಹತ್ತಿರ.

ಕುರಿಗೆ 8,000 ರೂಪಾಯಿ, ಕೊಯ್ದು ಕತ್ತರಿಸಿದ ಕೂಲಿ 600, ಒಟ್ಟು 8,600. ತಲೆ, ಕಾಲು, ಕಲೀಜ, ಬೋಟಿ ಇವನ್ನೆಲ್ಲ ಅಡುಗೆಗೆ ಬಳಸಿದರೆ ಅಂಗಡಿಯ ದರದಲ್ಲಿ 900 ರೂಪಾಯಿ ಬಾಳುತ್ತವೆ ಎಂದು ಹಿಡಿಯೋಣ. ಉಳಿದದ್ದು 7,700. 11.5ರಿಂದ ಭಾಗಿಸಿದರೆ ಕಿಲೋಗೆ 670. ಅಂಗಡಿಯ 700ಕ್ಕಿಂತ 30 ರೂಪಾಯಿ ಉಳಿತಾಯ. ಆದರೆ ತಲೆಕಾಲು, ಬೋಟಿ ಯಾರಿಗೂ ಬೇಡವೆಂದು ಹಂಚಿಬಿಟ್ಟರೆ 8,600ನ್ನೇ ಭಾಗಿಸಬೇಕು, ದರ 748 ಆಗುತ್ತದೆ. ಅವನ್ನು ಬಳಸಿದರೂ ಕುರಿ ಬಡಕಲಾಗಿ 10 ಕಿಲೋ ಮಾತ್ರ ಬಂದರೆ ದರ 770. ಊಟಕ್ಕೂ ಒಂದು ಕಿಲೋಗಿಂತ ಹೆಚ್ಚು ಕೊರತೆ ಬೀಳುತ್ತದೆ. ಇಡೀ ಕುರಿ ಅಗ್ಗವೆಂಬ ಮಾತು ಎರಡು ಷರತ್ತಿನ ಮೇಲೆ ನಿಂತಿದೆ: ಕುರಿಗೆ ಮೈ ಇರಬೇಕು, ಒಳಗಿನದ್ದೆಲ್ಲ ಅಡುಗೆಗೆ ಬರಬೇಕು.

ತಕ್ಕಡಿಯ ಮುಂದೆ

ತೂಕವೇ ತಪ್ಪಾದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ತಟ್ಟೆ ಇಟ್ಟಾಗ ಸೊನ್ನೆ ತೋರಿಸುತ್ತದೆಯೇ ಎಂದು ಮೊದಲು ನೋಡಿ. ತೂಕ ನಿಂತ ಮೇಲೆ ಅಂಕಿ ಓದಿ. ಮಂಜುಗಡ್ಡೆಯಲ್ಲಿಟ್ಟ ಸಮುದ್ರದ ಮೀನಾದರೆ, ಮಂಜಿನ ಚೂರು ಮತ್ತು ನೀರು ಬಸಿದ ಮೇಲೆ ತೂಗಲು ಹೇಳಿ. ವ್ಯಾಪಾರದ ತಕ್ಕಡಿಗೆ ಸರ್ಕಾರದ ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಹಾಕಿದ ಮುದ್ರೆ ಇರಬೇಕು. ತೂಕದಲ್ಲಿ ಅನುಮಾನ ಬಂದರೆ ದೂರು ಕೊಡಬೇಕಾದದ್ದು ಆ ಇಲಾಖೆಗೆ.

ಮನೆಗೆ ತಂದ ಮೇಲೆ ಅಳತೆಗೆ ಒಂದು ಸಣ್ಣ ತಕ್ಕಡಿ ಸಾಕು. ಇಲ್ಲಿ ಕೊಟ್ಟ ಪಾಲುಗಳು ಅಂದಾಜು. ಮೀನಿನ ಗಾತ್ರ, ಋತು, ಕತ್ತರಿಸುವವರ ಕೈಚಳಕ ಇವುಗಳಿಂದ ಅವು ಏರುಪೇರಾಗುತ್ತವೆ. ಆದ್ದರಿಂದ ಮುಂದಿನ ನಾಲ್ಕು ಸಲ ಮೀನು ಅಥವಾ ಮಾಂಸ ತಂದಾಗ ಮೂರು ಅಂಕಿ ಬರೆದಿಡಿ: ಕೊಟ್ಟ ಹಣ, ಅಂಗಡಿಯ ತೂಕ, ಪಾತ್ರೆಗೆ ಬಿದ್ದ ತೂಕ. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದ ಎಲುಬನ್ನೂ ಒಮ್ಮೆ ತೂಗಿ ನೋಡಬಹುದು. ಆದರೆ ಬೆಂದ ಎಲುಬು ಸಾರಿನಲ್ಲಿ ನೀರು ಹಿಡಿದಿರುತ್ತದೆ, ಹಾಗಾಗಿ ಅದು ಅಂದಾಜಿಗಷ್ಟೇ. ನಾಲ್ಕು ಸಲದ ಅಂಕಿ ಕೂಡಿದಾಗ ನಿಮ್ಮ ಮನೆಯದೇ ಪಾಲು ನಿಮಗೆ ಗೊತ್ತಾಗುತ್ತದೆ. ಮುಂದಿನ ಸಲ ಅಂಗಡಿಯವರು ದರ ಹೇಳಿದೊಡನೆ, ಪಾತ್ರೆಗೆ ಬೀಳುವ ಒಂದು ಕಿಲೋಗೆ ಎಷ್ಟು ಕೊಡುತ್ತಿದ್ದೀರಿ ಎಂಬುದು ಅಲ್ಲೇ ನಿಂತು ಹೇಳಬಹುದು.